ಮೂರು ಅಂಕಗಳ ಮುನ್ನಡೆ

ಚುನಾವಣಾ ಸಮೀಕ್ಷೆಯೊಂದರಲ್ಲಿ 1,000 ಮತದಾರರನ್ನು ಕೇಳಿದಾಗ ಒಂದು ಪಕ್ಷಕ್ಕೆ ಶೇ. 42, ಇನ್ನೊಂದಕ್ಕೆ ಶೇ. 39 ಬಂತು ಎಂದಿಟ್ಟುಕೊಳ್ಳೋಣ. ಬೇರೆ 1,000 ಜನ ಸಿಕ್ಕಿದ್ದರೆ ಅಂಕಿ ತುಸು ಬದಲಾಗುತ್ತಿತ್ತು. ಈ ಆಕಸ್ಮಿಕ ಏರಿಳಿತಕ್ಕೆ ಕಟ್ಟಿದ ಲೆಕ್ಕವೇ ವಿಶ್ವಾಸಾಂತರ. ಇಲ್ಲಿ ಅದು ಎರಡೂ ಕಡೆಗೆ ಸುಮಾರು 3 ಅಂಕ, ಅಂದರೆ ಮೊದಲ ಪಕ್ಷಕ್ಕೆ 39ರಿಂದ 45. ನಕ್ಷೆಯಲ್ಲಿ ಕಂಬದ ತುದಿಗೆ ಎಳೆದ ಸಣ್ಣ ಗೆರೆ, ಎರರ್ ಬಾರ್, ತೋರಿಸುವುದು ಇದನ್ನೇ.

‘ಶೇ. 95 ವಿಶ್ವಾಸ’ ಎಂದರೆ, ಇದೇ ರೀತಿ ನೂರು ಸಲ ಸಮೀಕ್ಷೆ ಮಾಡಿದರೆ ಸುಮಾರು 95 ಸಲ ನಿಜವಾದ ಅಂಕಿ ಆಯಾ ಅಂತರದೊಳಗೆ ಸಿಗುತ್ತದೆ ಎಂದು.

ಟಿವಿ ಚರ್ಚೆಗಳು ಎಡವುವುದು ಮುನ್ನಡೆಯ ವಿಷಯದಲ್ಲಿ. ಒಂದು ಪಕ್ಷದ ಪಾಲು ಏರಿದಾಗ ಸಾಮಾನ್ಯವಾಗಿ ಇನ್ನೊಂದರದು ಇಳಿಯುವುದರಿಂದ, ಮುನ್ನಡೆಯ ಏರಿಳಿತ ಹೆಚ್ಚುಕಡಿಮೆ ದುಪ್ಪಟ್ಟು, ಸುಮಾರು 5.6 ಅಂಕ. ಹಾಗಾಗಿ 3 ಅಂಕದ ಮುನ್ನಡೆಯಿಂದ ಯಾರು ಮುಂದಿದ್ದಾರೆಂದು ಹೇಳಲಾಗದು.

ಯಾರನ್ನು ಕೇಳಲಾಯಿತು ಎಂಬ ತಪ್ಪನ್ನು ಮಾತ್ರ ಈ ಗೆರೆ ತೋರಿಸದು. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಗೆ 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಲೆಕ್ಕದ ಏರಿಳಿತ ಕೂದಲೆಳೆಯಷ್ಟು. ಆದರೆ ವಿಳಾಸಗಳನ್ನು ಹೆಚ್ಚಾಗಿ ಫೋನ್, ಕಾರು ಇದ್ದವರ ಪಟ್ಟಿಗಳಿಂದ ಆರಿಸಲಾಗಿತ್ತು, ಉತ್ತರಿಸಿದವರೂ ಕೆಲವರೇ. ಪತ್ರಿಕೆ ಲ್ಯಾಂಡನ್ ಗೆಲ್ಲುತ್ತಾರೆಂದಿತು. ರೂಸ್‌ವೆಲ್ಟ್ ಭಾರಿ ಬಹುಮತದಿಂದ ಗೆದ್ದರು.