ಉದ್ದರಿಯ ನಷ್ಟ ಯಾವ ವರ್ಷದ್ದು?

ಮರಾಠಿಯಲ್ಲಿ ‘ಬುಡೀತ ಕರ್ಜ’ ಎನ್ನುವುದು ಕನ್ನಡದಲ್ಲಿ ‘ಮುಳುಗಿದ ಸಾಲ’. ಎರಡೂ ಭಾಷೆಗಳಲ್ಲಿ ಚಿತ್ರ ಒಂದೇ: ಹಣ ತಳ ಸೇರಿದೆ, ಇನ್ನು ಮೇಲೆ ಬಾರದು. ಆದರೆ ವರ್ಷಾಂತ್ಯದಲ್ಲಿ ಲೆಕ್ಕ ಬರೆಯುವವನನ್ನು ಹೆಚ್ಚು ಕಾಡುವುದು ಮುಳುಗಿದ ಸಾಲವಲ್ಲ, ತೇಲುವುದೋ ಮುಳುಗುವುದೋ ತಿಳಿಯದ ಸಾಲ. ಅದನ್ನೇ ಸಂಶಯಾಸ್ಪದ ಸಾಲವೆನ್ನುತ್ತಾರೆ.

ಸೊಲ್ಲಾಪುರದಲ್ಲಿ ಚಾದರ, ಟವೆಲುಗಳ ಸಗಟು ವ್ಯಾಪಾರ ಮಾಡುವ ಅಣ್ಣತಮ್ಮಂದಿರ ಪಾಲುದಾರಿಕೆಯೊಂದನ್ನು ಕಲ್ಪಿಸಿಕೊಳ್ಳಬಹುದು. ವರ್ಷದಲ್ಲಿ 40 ಲಕ್ಷ ರೂಪಾಯಿಯ ಮಾಲು ಉದ್ದರಿಯಾಗಿ ಹೋಗಿದೆ. ಮಾರ್ಚ್ 31ರಂದು 10 ಲಕ್ಷ ರೂಪಾಯಿ ಬರಬೇಕಾಗಿದೆ. ಲಾಭ 3 ಲಕ್ಷವೆಂದು ಲೆಕ್ಕ ಹಾಕಿ ತಲಾ ಒಂದೂವರೆ ಲಕ್ಷ ಹಂಚಿಕೊಳ್ಳುತ್ತಾರೆ. ಅಂದೇ ಅಣ್ಣನು ತನ್ನ ಪಾಲನ್ನೆಲ್ಲ ಪಡೆದು ಅಂಗಡಿಯಿಂದ ಹೊರಗಾಗುತ್ತಾನೆ. ಆಗಸ್ಟಿನಲ್ಲಿ ಗಿರಾಕಿಯೊಬ್ಬ ಅಂಗಡಿ ಮುಚ್ಚುತ್ತಾನೆ. ಅವನಿಂದ ಬರಬೇಕಾದ 40,000 ರೂಪಾಯಿ ಮುಳುಗುತ್ತದೆ. ಮಾಲು ಮಾರಿದಾಗ ಇಬ್ಬರೂ ಇದ್ದರು, ಆ ಮಾರಾಟದ ಲಾಭವನ್ನು ಇಬ್ಬರೂ ಪಡೆದರು. ನಷ್ಟ ಮಾತ್ರ ತಮ್ಮನ ತಲೆಗೆ ಬಂತು.

ಇಲ್ಲಿ ಯಾರೂ ಮೋಸ ಮಾಡಿಲ್ಲ. ತಪ್ಪಿರುವುದು ಲೆಕ್ಕದಲ್ಲಿ. ಯಾವ ವರ್ಷದಲ್ಲಿ ಆದಾಯವನ್ನು ಬರೆಯಲಾಗುತ್ತದೆಯೋ, ಆ ಆದಾಯವನ್ನು ಗಳಿಸಲು ತಗಲುವ ವೆಚ್ಚವನ್ನೂ ಅದೇ ವರ್ಷದಲ್ಲಿ ಬರೆಯಬೇಕೆಂಬುದು ಹೊಂದಾಣಿಕೆಯ ತತ್ತ್ವ. ಮಾರಿದ ಚಾದರದ ಅಸಲು ಬೆಲೆಯನ್ನು ಆ ವರ್ಷದಲ್ಲೇ ಕಳೆಯುವುದು ಇದೇ ಕಾರಣಕ್ಕೆ. ಉದ್ದರಿ ಕೊಡದೆ 40 ಲಕ್ಷದ ಮಾರಾಟ ಆಗುತ್ತಿರಲಿಲ್ಲ. ಉದ್ದರಿ ಕೊಟ್ಟಮೇಲೆ ಸ್ವಲ್ಪ ಭಾಗ ಬಾರದೆ ಹೋಗುವುದು ತಪ್ಪದು. ಹೀಗಾಗಿ ಆ ನಷ್ಟವೂ ಮಾರಾಟದ ವೆಚ್ಚವೇ. ಅದರ ಬೀಜ ಮಾರಿದ ದಿನವೇ ಬಿದ್ದಿರುತ್ತದೆ, ಆಗಸ್ಟಿನಲ್ಲಿ ಕಣ್ಣಿಗೆ ಕಾಣಿಸುತ್ತದೆ ಅಷ್ಟೆ.

ಮಾರ್ಚಿನಲ್ಲಿ ಯಾರ ಬಾಕಿ ಮುಳುಗುವುದೆಂದು ತಿಳಿದಿರುವುದಿಲ್ಲ. ಆದ್ದರಿಂದ ಯಾವ ಗಿರಾಕಿಯ ಖಾತೆಯನ್ನೂ ಮುಟ್ಟದೆ ಒಟ್ಟು ಬಾಕಿಯನ್ನು ಅದರ ವಯಸ್ಸಿನ ಮೇಲೆ ವಿಂಗಡಿಸುತ್ತಾರೆ. ಮೂರು ತಿಂಗಳೊಳಗಿನ ಬಾಕಿ 8 ಲಕ್ಷ. ಹಿಂದಿನ ಅನುಭವದಂತೆ ಅದರಲ್ಲಿ ನೂರಕ್ಕೆ 2ರಷ್ಟು ಬರಲಾರದೆಂದರೆ 16,000. ಮೂರರಿಂದ ಆರು ತಿಂಗಳಿನದು ಒಂದೂವರೆ ಲಕ್ಷ. ನೂರಕ್ಕೆ 10ರಂತೆ 15,000. ಆರು ತಿಂಗಳು ದಾಟಿದ್ದು 50,000. ಅದರಲ್ಲಿ ಅರ್ಧ, 25,000. ಒಟ್ಟು 56,000 ರೂಪಾಯಿಯನ್ನು ಲಾಭ-ನಷ್ಟ ಖಾತೆಗೆ ಖರ್ಚು ಬರೆದು, ಸಂಶಯಾಸ್ಪದ ಸಾಲದ ತರತೂದಿನ ಖಾತೆಗೆ ಜಮಾ ಮಾಡುತ್ತಾರೆ. ಆಗ ಲಾಭ 2,44,000ಕ್ಕೆ ಇಳಿಯುತ್ತದೆ. ಪಾಲು ತಲಾ 1,22,000. ಅಢಾವೆ ಪತ್ರಿಕೆಯಲ್ಲಿ 10 ಲಕ್ಷದ ಬಾಕಿಯಿಂದ ತರತೂದನ್ನು ಕಳೆದು, ನಿಜವಾಗಿ ಕೈಸೇರಬಹುದಾದ 9,44,000 ರೂಪಾಯಿಯನ್ನು ತೋರಿಸುತ್ತಾರೆ.

ಇದನ್ನು ಕೆಲವರು ‘ನಿಧಿ’ ಎನ್ನುವುದುಂಟು. ಆ ಮಾತು ದಾರಿ ತಪ್ಪಿಸುತ್ತದೆ, ಏಕೆಂದರೆ ಯಾವ ತಿಜೋರಿಯಲ್ಲೂ 56,000 ರೂಪಾಯಿ ಎತ್ತಿಟ್ಟಿರುವುದಿಲ್ಲ. ಈ ಭಾಗದ ಕನ್ನಡ ಮರಾಠಿಗಳೆರಡಕ್ಕೂ ಪರಿಚಿತವಾದ ‘ತರತೂದು’ ಎಂಬ ಮಾತೇ ಇಲ್ಲಿ ಹೆಚ್ಚು ಸರಿ.

ಆಗಸ್ಟಿನಲ್ಲಿ 40,000 ಮುಳುಗಿದಾಗ ಆ ಗಿರಾಕಿಯ ಖಾತೆಯನ್ನು ಮುಚ್ಚಿ ಅಷ್ಟನ್ನು ತರತೂದಿನಿಂದ ಕಳೆಯುತ್ತಾರೆ. ಹೊಸ ವರ್ಷದ ಲಾಭಕ್ಕೆ ಧಕ್ಕೆಯಿಲ್ಲ. ಉಳಿದ ವ್ಯವಹಾರ ಹಾಗೆಯೇ ಇದ್ದರೆ ಬಾಕಿ 9,60,000, ತರತೂದು 16,000. ವ್ಯತ್ಯಾಸ ಮತ್ತೆ 9,44,000. ಸಾಲ ಮುಳುಗಿದ ದಿನ ಅಂಗಡಿಯ ಆಸ್ತಿ ಒಂದು ರೂಪಾಯಿಯೂ ಕುಗ್ಗುವುದಿಲ್ಲ, ಏಕೆಂದರೆ ಆ ನಷ್ಟವನ್ನು ಮಾರ್ಚಿನಲ್ಲೇ ಒಪ್ಪಿಕೊಂಡಾಗಿದೆ. ಮುಂದಿನ ಮಾರ್ಚಿನಲ್ಲಿ 60,000 ತರತೂದು ಬೇಕೆನಿಸಿದರೆ, ಕೈಯಲ್ಲಿರುವ 16,000 ಬಿಟ್ಟು 44,000 ಮಾತ್ರ ಹೊಸದಾಗಿ ಖರ್ಚು ಬೀಳುತ್ತದೆ.

ತೆರಿಗೆಯ ಲೆಕ್ಕ ಬೇರೆ. ಸಾಮಾನ್ಯ ವ್ಯಾಪಾರಿಗೆ ಆದಾಯ ತೆರಿಗೆಯಲ್ಲಿ ತರತೂದಿಗೆ ವಿನಾಯಿತಿಯಿಲ್ಲ. ಸಾಲವನ್ನು ಪುಸ್ತಕದಿಂದ ನಿಜವಾಗಿ ತೆಗೆದುಹಾಕಿದ ವರ್ಷದಲ್ಲೇ ಅದು ದೊರೆಯುತ್ತದೆ.

ತರತೂದು ಅಂದಾಜಾದುದರಿಂದ ಅದನ್ನು ಬೇಕಾದಂತೆ ಎಳೆದಾಡಲೂ ಬರುತ್ತದೆ. ಲಾಭ ಹೆಚ್ಚಿದ ವರ್ಷ 56,000ದ ಬದಲು ಒಂದೂವರೆ ಲಕ್ಷ ಬರೆದು, ವ್ಯಾಪಾರ ಕುಸಿದ ವರ್ಷ ಹೆಚ್ಚಾದುದನ್ನು ಮರಳಿ ಲಾಭಕ್ಕೆ ಸೇರಿಸಿದರೆ ಕೆಟ್ಟ ವರ್ಷವೂ ಚೆನ್ನಾಗಿಯೇ ಕಾಣುತ್ತದೆ. ಇದನ್ನು ಕಂಡುಹಿಡಿಯಲು ನಾಲ್ಕೈದು ವರ್ಷಗಳ ತರತೂದನ್ನೂ ಆ ಬಾಕಿಗಳಲ್ಲಿ ನಿಜವಾಗಿ ಮುಳುಗಿದ ಸಾಲವನ್ನೂ ಅಕ್ಕಪಕ್ಕ ಬರೆದು ನೋಡಬೇಕು. ತರತೂದು ಪ್ರತಿ ವರ್ಷವೂ ಬಹಳ ಉಳಿದರೆ ಲಾಭ ಬಚ್ಚಿಟ್ಟಿದ್ದಾರೆ. ಪ್ರತಿ ವರ್ಷವೂ ಸಾಲದೆ ಹೋದರೆ, ಅಣ್ಣನಿಗೆ ಒಂದೂವರೆ ಲಕ್ಷ ಕೊಟ್ಟು ಕಳಿಸಿದ ಲೆಕ್ಕವೇ ಅಲ್ಲಿಯೂ ನಡೆಯುತ್ತಿದೆ.