ಮೈಕ್ ಕಿರುಚುವುದರ ಲೆಕ್ಕ

ಮದುವೆ ಛತ್ರದಲ್ಲಿ ಯಾರೋ ಮೈಕ್ ಹಿಡಿದು ಸ್ಪೀಕರಿನ ಮುಂದೆ ಹಾದರೆ ಸಾಕು, ‘ಕುಂಯ್’ ಎಂದು ಕಿವಿ ಸೀಳುವಂಥ ಸದ್ದು. ಸ್ಪೀಕರಿನ ಸದ್ದು ಮೈಕಿಗೆ ಬಿದ್ದು, ಮತ್ತೆ ಸ್ಪೀಕರಿನಿಂದಲೇ ಹೊರಬರುವ ಸುತ್ತಾಟದ ಫಲ ಅದು.

ಇಬ್ಬರ ನಡುವೆ 3.4 ಮೀಟರ್ ಅಂತರವಿದ್ದರೆ ಒಂದು ಸುತ್ತಿಗೆ ಸುಮಾರು 10 ಮಿಲಿಸೆಕೆಂಡು. ಪ್ರತಿ ಸುತ್ತಿಗೂ ಸದ್ದು 0.9 ಪಟ್ಟಾಗುತ್ತದೆ ಎನ್ನಿ. ಒಂದು ಚಪ್ಪಾಳೆ 1, 0.9, 0.81 ಎಂದು ಕುಗ್ಗುತ್ತಾ 22ನೇ ಸುತ್ತಿಗೆ ಹತ್ತರಲ್ಲೊಂದು ಪಾಲಿಗೂ ಕೆಳಗಿಳಿಯುತ್ತದೆ. ಆಪರೇಟರ್ ವಾಲ್ಯೂಮ್ ತುಸು ಏರಿಸಿ ಅದು 1.1 ಪಟ್ಟಾಯಿತೋ, 25 ಸುತ್ತಿನಲ್ಲಿ, ಅಂದರೆ ಕಾಲು ಸೆಕೆಂಡಿನಲ್ಲಿ, ಹತ್ತು ಪಟ್ಟು ದಾಟಿರುತ್ತದೆ. ನಿಜದಲ್ಲಿ ಅನಂತಕ್ಕೇನೂ ಹೋಗುವುದಿಲ್ಲ. ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿ ಅಲ್ಲೇ ಕಿರುಚುತ್ತದೆ.

ಈ ಸುತ್ತಾಟದ ಸೂತ್ರ y[n] = a·y[n−1] + x[n]. x ಹೊಸ ಸದ್ದು, y ಸ್ಪೀಕರಿನದು, a ಸುತ್ತಿನ ಪಟ್ಟು. ಝಡ್ ರೂಪಾಂತರ ಮಾಡುವುದು ಇಷ್ಟೇ: ಸಾಲಿನ n-ನೇ ಸಂಖ್ಯೆಯನ್ನು zⁿ ನಿಂದ ಭಾಗಿಸಿ, ಎಲ್ಲವನ್ನೂ ಕೂಡುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ರಗಾಝಿನಿ ಮತ್ತು ಝಾದೆ 1952ರಲ್ಲಿ ಇದನ್ನು ಎಂಜಿನಿಯರುಗಳ ಬಳಕೆಗೆ ತಂದರು. ನಮ್ಮ ಚಪ್ಪಾಳೆಗೆ ಸಿಗುವುದು

1 + a/z + a²/z² + … = z/(z−a)

ಎಡಗಡೆಯ ಸಾಲು ಒಂದು ಮೊತ್ತಕ್ಕೆ ನಿಲ್ಲಬೇಕಾದರೆ a/z ನ ಗಾತ್ರ ಒಂದಕ್ಕಿಂತ ಕಡಿಮೆ ಇರಬೇಕು. ಅಂದರೆ |z| > |a|. ಹಾಗೆ ಮೊತ್ತ ನಿಲ್ಲುವ z ಗಳ ಪ್ರದೇಶವೇ ಅಭಿಸರಣ ವಲಯ. ಬಲಗಡೆ z = a ಆದಾಗ ಛೇದ ಸೊನ್ನೆಯಾಗುತ್ತದೆ; ಆ ಬಿಂದುವೇ ಪೋಲ್.

ಈಗ |z| = 1 ಎಂಬ ವೃತ್ತ ನೋಡಿ. ಅದರ ಮೇಲೆ zⁿ ನ ಗಾತ್ರ ಒಂದೇ, ಹಾಗಾಗಿ ಭಾಗಿಸಿದರೂ ಮಾರ್ದನಿಗಳ ಗಾತ್ರ ಬದಲಾಗದು. ಈ ವೃತ್ತ ವಲಯದೊಳಗೆ ಬಂದರೆ ಮಾರ್ದನಿಗಳ ಒಟ್ಟು ಗಾತ್ರಕ್ಕೆ ಮಿತಿ ಇದೆ, ವ್ಯವಸ್ಥೆ ಸ್ಥಿರ. ಪೋಲ್ 0.9ರಲ್ಲಿದ್ದರೆ ವೃತ್ತ ವಲಯದಲ್ಲಿದೆ, 1.1ಕ್ಕೆ ಜರುಗಿದರೆ ಹೊರಗುಳಿಯಿತು. ಸರಿಯಾಗಿ 1ರ ಮೇಲೆ ಕೂತರೂ ಕೆಡುಕೇ: ಚಪ್ಪಾಳೆ ಎಂದೂ ಅಡಗದು, ಎಡೆಬಿಡದೆ ಸದ್ದು ಸೇರಿಸಿದರೆ ರಾಶಿ ಬೀಳುತ್ತದೆ. −0.9 ಆದರೆ ಚಿಹ್ನೆ ಅದಲುಬದಲಾಗುತ್ತದೆ, ಸದ್ದು ಅಡಗುತ್ತದೆ.

ವಿಚಿತ್ರವೊಂದಿದೆ. z/(z−1.1) ಎಂಬ ಸೂತ್ರಕ್ಕೆ |z| < 1.1 ಎಂಬ ವಲಯವನ್ನೂ ಕೊಡಬಹುದು. ಆಗ ವೃತ್ತ ಒಳಗೇ ಬರುತ್ತದೆ, ವ್ಯವಸ್ಥೆ ಸ್ಥಿರ! ಆದರೆ ಅದರ ಸಾಲು ಹಿಂದಕ್ಕೆ ಹರಿಯುತ್ತದೆ: ಚಪ್ಪಾಳೆಗೆ ಒಂದು ಸುತ್ತು ಮೊದಲು −0.909, ಎರಡು ಸುತ್ತು ಮೊದಲು −0.826. ಚಪ್ಪಾಳೆ ತಟ್ಟುವ ಮೊದಲೇ ಮಾರ್ದನಿ! ಸೂತ್ರವನ್ನಷ್ಟೇ ಬರೆದು ವಲಯ ಬರೆಯದಿದ್ದರೆ ಇವೆರಡರಲ್ಲಿ ಯಾವುದೆಂದು ತಿಳಿಯುವಂತಿಲ್ಲ. ಛತ್ರದ ಮೈಕಿಗೆ ಇದು ಅಸಾಧ್ಯ. ಮೊದಲೇ ರೆಕಾರ್ಡ್ ಆದ ಸದ್ದಿನ ಫೈಲಿಗೆ ಮಾತ್ರ ಸಾಧ್ಯ: ಕೊನೆಯಿಂದ ಹಿಮ್ಮುಖವಾಗಿ ಲೆಕ್ಕ ಹಾಕುತ್ತಾ ಹೋದರೆ ಪ್ರತಿ ಹೆಜ್ಜೆಗೂ 1.1ರಿಂದ ಭಾಗಿಸುವುದೇ ಆಗುತ್ತದೆ, ಮಾರ್ದನಿ ಕುಗ್ಗುತ್ತಲೇ ಹೋಗುತ್ತದೆ.