ಫೋಟೋದಲ್ಲಿ ಕಂಡದ್ದೇ ಕೀಟವಲ್ಲ: ನಿಂಬೆ ಗಿಡದ ಮುದುಡಿದ ಎಲೆ, ಕಪ್ಪು ಮಸಿ ಮತ್ತು ಪುಟ್ಟ ಹುಳುಗಳು

ನಿಂಬೆ, ಕಿತ್ತಳೆ, ಮೋಸಂಬಿ ಗಿಡಗಳಿಗೆ ಏನಾದರೂ ಆದರೆ ಈಗ ಮೊದಲು ಹೊರಡುವುದು ವಾಟ್ಸ್ಆ್ಯಪ್ ಫೋಟೋ. ಅದನ್ನು ನೋಡಿ ಔಷಧದ ಹೆಸರು ಹೇಳುವವರಿಗೂ ಕೊರತೆಯಿಲ್ಲ. ಆದರೆ ಫೋಟೋದಲ್ಲಿ ಎದ್ದು ಕಾಣುವುದು ಹಾನಿ. ಹಾನಿ ಮಾಡಿದ ಕೀಟ ಬಹುಪಾಲು ಆ ಚೌಕಟ್ಟಿನ ಹೊರಗೇ ಇರುತ್ತದೆ. ತಪ್ಪು ಗುರುತಿಗೂ ದಂಡದ ಸಿಂಪಡಣೆಗೂ ಕಾರಣವಾಗುವ ಐದು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಎಲೆ ಮುದುಡಿದೆ ಎಂದರೆ ಮುಟುರು ರೋಗ, ಅದು ವೈರಸ್

ಸತ್ಯ: ಮೆಣಸಿನಕಾಯಿ, ಪಪ್ಪಾಯಿ ಬೆಳೆದವರಿಗೆ ಮುಟುರು ಎಂದರೆ ವೈರಸ್ ಎಂಬ ಎಣಿಕೆ ಇರುವುದು ಸಹಜ. ನಿಂಬೆಯಲ್ಲಿ ಎಳೆ ಎಲೆ ಮುದುಡಲು ಹೆಚ್ಚಾಗಿ ಕೀಟಗಳೇ ಕಾರಣ, ಮತ್ತು ಪ್ರತಿ ಕೀಟವೂ ತನ್ನದೇ ಗುರುತು ಬಿಟ್ಟಿರುತ್ತದೆ.

ಎಲೆಯ ಮೇಲೆ ಬೆಳ್ಳಿ ಬಣ್ಣದ ಅಂಕುಡೊಂಕು ಗೆರೆ, ಅದರ ನಡುವೆ ಸಣ್ಣ ಕಪ್ಪು ಎಳೆ ಕಂಡರೆ ಅದು ರಂಗೋಲಿ ಹುಳು. ಎಲೆಯ ಸಿಪ್ಪೆಯ ಅಡಿಯಲ್ಲಿ ಸುರಂಗ ಕೊರೆಯುತ್ತ ಸಾಗುವ ಮರಿಹುಳು ಇದು. ನಡುವಿನ ಕಪ್ಪು ಎಳೆ ಅದರ ಹಿಕ್ಕೆ. ಕೊನೆಗೆ ಅದು ಎಲೆಯ ಅಂಚನ್ನು ಮಡಚಿಕೊಂಡು ಒಳಗೇ ಕೋಶವಾಗುತ್ತದೆ. ಗೆರೆಯಿಲ್ಲದೆ ಎಲೆ ಕೆಳಮುಖವಾಗಿ ಸುರುಳಿಯಾಗಿ, ಚಿಗುರಿನ ಕಾಂಡಕ್ಕೆ ಕಪ್ಪು ಅಥವಾ ಹಸಿರು ಹುಳುಗಳು ಗುಂಪಾಗಿ ಅಂಟಿಕೊಂಡಿದ್ದರೆ ಅವು ಹೇನುಗಳು. ಚಿಗುರು ತಿರುಚಿಕೊಂಡು, ಅದರಲ್ಲಿ ಬಿಳಿ ಮೇಣದ ಸಣ್ಣ ಎಳೆಗಳು ನೇತಾಡುತ್ತಿದ್ದರೆ ಸಿಲ್ಲಿಡ್ ಮರಿಗಳಿವೆ ಎಂದರ್ಥ.

ಇವು ಮೂರೂ ಚಿಗುರನ್ನೇ ಹಿಡಿಯುತ್ತವೆ. ಬಲಿತ ಎಲೆಗಳು ಯಾವ ಗುರುತೂ ಇಲ್ಲದೆ ಒಳಮುಖವಾಗಿ ದೋಣಿಯಾಗಿದ್ದರೆ ಕೀಟ ಹುಡುಕುವ ಮೊದಲು ಬುಡದ ಮಣ್ಣನ್ನು ಮುಟ್ಟಿ ನೋಡಿ. ನೀರು ಸಾಲದಾಗಲೂ ನಿಂಬೆ ಹೀಗೆ ಮಾಡುತ್ತದೆ. ಇನ್ನೊಂದು ವಿಷಯ: ಒಮ್ಮೆ ವಿಕಾರವಾದ ಎಲೆ ಕೀಟ ಸತ್ತ ಮೇಲೂ ನೆಟ್ಟಗಾಗುವುದಿಲ್ಲ. ಔಷಧ ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ಹಳೆಯ ಎಲೆಯಲ್ಲಿ ಅಲ್ಲ, ಮುಂದಿನ ಚಿಗುರಿನಲ್ಲಿ ನೋಡಬೇಕು.

ತಪ್ಪು ಕಲ್ಪನೆ 2: ಎಲೆಯ ಮೇಲಿನ ಕಪ್ಪು ಮಸಿ ಒಂದು ರೋಗ, ಶಿಲೀಂಧ್ರನಾಶಕ ಹೊಡೆದರೆ ಹೋಗುತ್ತದೆ

ಸತ್ಯ: ಅದು ಶಿಲೀಂಧ್ರವೇ ಹೌದು. ಆದರೆ ಅದು ಬದುಕುವುದು ಎಲೆಯನ್ನು ತಿಂದಲ್ಲ, ಎಲೆಯ ಮೇಲೆ ಬಿದ್ದ ಸಿಹಿ ಅಂಟಿನ ಮೇಲೆ. ರಸ ಹೀರುವ ಕೀಟಗಳು ಹೀರಿದ ರಸದಲ್ಲಿ ಹೆಚ್ಚಾದ ಸಕ್ಕರೆಯನ್ನು ಹನಿಯಾಗಿ ಹೊರಹಾಕುತ್ತವೆ. ಅದು ಕೆಳಗಿನ ಎಲೆಗಳ ಮೇಲೆ ಬಿದ್ದು, ಅಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಒದ್ದೆ ಬಟ್ಟೆಯಿಂದ ಉಜ್ಜಿದರೆ ಮಸಿ ಕಿತ್ತು ಬಂದು ಅಡಿಯಲ್ಲಿ ಹಸಿರು ಎಲೆ ಹಾಗೇ ಇರುತ್ತದೆ. ಉಜ್ಜಿದರೂ ಹೋಗದ, ಹಳದಿ ಅಂಚಿನ ಒರಟು ಚುಕ್ಕೆಯಾದರೆ ಅದು ಬೇರೆಯೇ, ಬಹುಶಃ ಕಜ್ಜಿ ರೋಗ.

ಮಸಿ ಕಂಡರೆ ಹುಡುಕಾಟ ಸುಲಭವಾಗುತ್ತದೆ. ರಂಗೋಲಿ ಹುಳು, ಥ್ರಿಪ್ಸ್, ನುಸಿ ಇವು ಯಾವುವೂ ಸಿಹಿ ಅಂಟು ಸುರಿಸುವುದಿಲ್ಲ. ಉಳಿಯುವುದು ಹೇನು, ಸಿಲ್ಲಿಡ್, ಬಿಳಿನೊಣ, ಕಪ್ಪುನೊಣ, ಹಿಟ್ಟು ತಿಗಣೆ ಮತ್ತು ಮೆತ್ತನೆ ಶಲ್ಕ ಕೀಟ. ಮಸಿ ಇರುವ ಎಲೆಯನ್ನು ಬಿಟ್ಟು, ಅದರ ನೇರ ಮೇಲಿರುವ ಎಲೆಯ ಅಡಿಭಾಗವನ್ನು ತಿರುಗಿಸಿ ನೋಡಿದರೆ ಕಳ್ಳ ಸಿಗುತ್ತಾನೆ. ಇರುವೆಗಳ ಸಾಲು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದೂ ಅದೇ ಜಾಗವನ್ನು ತೋರಿಸುತ್ತದೆ.

ತಪ್ಪು ಕಲ್ಪನೆ 3: ಒಂದೇ ಗಿಡದಲ್ಲಿ ಮುದುಡು, ಮಸಿ ಎರಡೂ ಇದ್ದರೆ ಎರಡಕ್ಕೂ ಕಾರಣ ಒಂದೇ

ಸತ್ಯ: ಇರಬಹುದು, ಇಲ್ಲದಿರಲೂಬಹುದು. ಒಂದು ಉದಾಹರಣೆ ನೋಡೋಣ. ಮನೆಯ ಮಹಡಿಯ ಮೇಲಿನ ಕುಂಡದ ನಿಂಬೆ ಗಿಡದಿಂದ ಎರಡು ಫೋಟೋ ಬಂದಿದೆ ಎಂದುಕೊಳ್ಳಿ. ಮೊದಲನೆಯದರಲ್ಲಿ ತುದಿ ಎಲೆಗಳು ಮುದುಡಿವೆ, ಎರಡನೆಯದರಲ್ಲಿ ಕೆಳಗಿನ ಎಲೆಗಳಿಗೆ ಕಾಡಿಗೆ ಬಳಿದಂತಿದೆ. ಹೇನು ಎಂದು ಹೇಳಿಬಿಡಲು ನಾಲಿಗೆ ತುದಿಗೆ ಬರುತ್ತದೆ. ಫೋಟೋ ಹಿಗ್ಗಿಸಿದರೆ ಮುದುಡಿದ ಎಲೆಯಲ್ಲಿ ಬೆಳ್ಳಿ ಗೆರೆ ಇದೆ, ಹೇನು ಒಂದೂ ಇಲ್ಲ. ಹಾಗಾದರೆ ಮುದುಡಿಸಿದ್ದು ರಂಗೋಲಿ ಹುಳು. ಆದರೆ ಅದರಿಂದ ಮಸಿ ಬರಲಾರದು. ಮಸಿಯ ಮೇಲಿನ ಎಲೆಗಳ ಅಡಿಭಾಗದ ಫೋಟೋ ತರಿಸಿದಾಗ ನಡುನರದ ಉದ್ದಕ್ಕೂ ಚಪ್ಪಟೆಯಾದ, ತಿಳಿಹಸಿರಿನ, ಅಲುಗಾಡದ ಬಿಲ್ಲೆಗಳು ಕಾಣುತ್ತವೆ. ಅವು ಹಸಿರು ಶಲ್ಕ ಕೀಟ.

ಒಂದು ಗಿಡ, ಎರಡು ಕೀಟ, ಎರಡು ದಾರಿ. ಶಲ್ಕ ಕೀಟವನ್ನು ಕೈಯಿಂದ ಉಜ್ಜಿ ತೆಗೆದು, ಇರುವೆಯ ಓಡಾಟ ತಡೆದು, ಸಂಜೆ ಹೊತ್ತು ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ನೀರಿನೊಂದಿಗೆ ಬೆರೆಸಿ ಎಲೆಯ ಅಡಿಗೆ ತಾಗುವಂತೆ ಸಿಂಪಡಿಸಬೇಕು. ರಂಗೋಲಿ ಹುಳು ಸಿಪ್ಪೆಯ ಒಳಗಿರುವುದರಿಂದ ಮೇಲೆ ಹೊಡೆದ ಔಷಧ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ದೊಡ್ಡ ಮರ ಈ ಹಾನಿಯನ್ನು ತಡೆದುಕೊಳ್ಳುತ್ತದೆ. ಎಳೆ ಗಿಡದಲ್ಲಿ ಮಾತ್ರ ಹೊಸ ಚಿಗುರನ್ನು ಕಾಯಬೇಕು, ಏಕೆಂದರೆ ಸುರಂಗದ ಗಾಯದ ಮೂಲಕ ಕಜ್ಜಿ ರೋಗದ ಬ್ಯಾಕ್ಟೀರಿಯಾ ಒಳಹೊಗುತ್ತದೆ.

ತಪ್ಪು ಕಲ್ಪನೆ 4: ಬಿಳಿ ಹಿಟ್ಟು ಮೆತ್ತಿಕೊಂಡ ಹುಳುಗಳೆಲ್ಲ ಹಿಟ್ಟು ತಿಗಣೆ

ಸತ್ಯ: ಫೋಟೋದಲ್ಲಿ ಅತಿ ಹೆಚ್ಚು ಮೋಸ ಮಾಡುವುದು ಇದೇ. ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ ಹಿಟ್ಟು ತಿಗಣೆಯನ್ನೇ ತಿಂದು ಬದುಕುತ್ತದೆ, ಮತ್ತು ನೋಡಲು ಹಿಟ್ಟು ತಿಗಣೆಯಂತೆಯೇ ಇರುತ್ತದೆ. ಆಸ್ಟ್ರೇಲಿಯಾ ಮೂಲದ ಈ ಕೀಟವನ್ನು ತಿಗಣೆ ಹತೋಟಿಗೆಂದು ಸಾಕಿ ತೋಟಗಳಿಗೆ ಬಿಡುತ್ತಾರೆ. ಮರಿಯ ಮೈಮೇಲಿನ ಮೇಣದ ಎಳೆಗಳು ಉದ್ದವಾಗಿ ಕೆದರಿಕೊಂಡಿರುತ್ತವೆ, ಬೆಳೆದ ಮರಿ ತಿಗಣೆಗಿಂತ ದೊಡ್ಡದಾಗಿರುತ್ತದೆ. ನಿಂತ ಫೋಟೋದಲ್ಲಿ ಸಂಶಯವಿದ್ದರೆ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ವಿಡಿಯೊ ಮಾಡಿ: ಚುರುಕಾಗಿ ನಡೆದುಹೋದರೆ ಅದು ನಿಮ್ಮ ಪಾಳೆಯದ್ದು. ಅದಿರುವ ಗಿಡಕ್ಕೆ ವಿಷ ಹೊಡೆದರೆ ಪುಕ್ಕಟೆ ಕೆಲಸಗಾರನನ್ನು ಕೊಂದಂತೆ.

ತಪ್ಪು ಕಲ್ಪನೆ 5: ಸ್ಪಷ್ಟವಾದ ಫೋಟೋ ಒಂದಿದ್ದರೆ ಎಲ್ಲವನ್ನೂ ಹೇಳಬಹುದು

ಸತ್ಯ: ಕೆಲವು ಕೀಟಗಳನ್ನು ಫೋಟೋದಿಂದಲೇ ಖಚಿತವಾಗಿ ಹೇಳಬಹುದು. ಬೆಳೆದ ಸಿಲ್ಲಿಡ್ 3-4 ಮಿ.ಮೀ. ಇದ್ದರೂ, ತಲೆಯನ್ನು ಎಲೆಗೆ ಒತ್ತಿ ಹಿಂಭಾಗವನ್ನು ಮೇಲೆತ್ತಿ ಓರೆಯಾಗಿ ಕೂರುವ ಅದರ ಭಂಗಿಯನ್ನು ಪಕ್ಕದಿಂದ ತೆಗೆದ ಚಿತ್ರ ಬಿಟ್ಟುಕೊಡುತ್ತದೆ. ಆದರೆ ಸಿಲ್ಲಿಡ್ ಹರಡುವ ಗ್ರೀನಿಂಗ್ ರೋಗ ಗಿಡಕ್ಕೆ ತಗುಲಿದೆಯೇ ಎಂಬುದನ್ನು ಫೋಟೋ ಖಚಿತಪಡಿಸಲಾರದು. ನಡುನರದ ಎರಡೂ ಬದಿಯಲ್ಲಿ ಹಳದಿ ಒಂದೇ ತೆರನಾಗಿದ್ದರೆ ಸತುವಿನಂಥ ಪೋಷಕಾಂಶದ ಕೊರತೆ ಇರಬಹುದು; ಎರಡು ಬದಿಗೂ ಹೊಂದಿಕೆಯಿಲ್ಲದ ತೇಪೆಗಳಿದ್ದರೆ ಗ್ರೀನಿಂಗ್ ಅನುಮಾನ ಪಡಬೇಕು. ಅನುಮಾನವನ್ನು ತೀರ್ಮಾನ ಮಾಡುವುದು ಪ್ರಯೋಗಾಲಯದ ಪಿಸಿಆರ್ ಪರೀಕ್ಷೆ ಮಾತ್ರ.

ಹಾಗಾಗಿ ಮುಂದಿನ ಸಲ ಯಾರನ್ನಾದರೂ ಕೇಳುವ ಮೊದಲು ನಾಲ್ಕು ಫೋಟೋ ತೆಗೆಯಿರಿ: ಇಡೀ ಗಿಡ, ಚಿಗುರಿನ ತುದಿ, ಮಸಿ ಇರುವ ಎಲೆ, ಅದರ ಮೇಲಿನ ಎಲೆಯ ಅಡಿಭಾಗ. ಅಳತೆ ತಿಳಿಯಲು ಒಂದು ಬೆಂಕಿಕಡ್ಡಿಯ ತಲೆ ಪಕ್ಕದಲ್ಲಿರಲಿ. ಕೊನೆಯ ಫೋಟೋ ನೋಡದೆ ಔಷಧದ ಹೆಸರು ಹೇಳುವವರ ಮಾತು ಕೇಳಿ ಅಂಗಡಿಗೆ ಹೋಗಬೇಡಿ.